ನಾಲ್ಕು ಸ್ಯಾಂಪಲ್‌ಗಳ ಪ್ರದಕ್ಷಿಣೆ

ವಿದ್ಯುತ್ ಮೀಟರ್‌ಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಮ್ಮೆ ಪರೀಕ್ಷೆಯ ಮೇಜಿನ ಮೇಲೆ ಮೂರು ಫೇಸ್ ಮೋಟಾರ್ ಒಂದು ಯಾವ ಭಾರವೂ ಇಲ್ಲದೆ ಬರಿದೇ ತಿರುಗುತ್ತಿತ್ತು. ಕರೆಂಟು ಮತ್ತು ವೋಲ್ಟೇಜು ಎಷ್ಟು ಜೊತೆಯಾಗಿ ಸಾಗುತ್ತಿವೆ ಎಂಬುದರ ಅಳತೆ ಪವರ್ ಫ್ಯಾಕ್ಟರ್; ನಾನು ಬರೆದ ಮೀಟರ್ ಅದನ್ನು 0.45 ಎಂದು ತೋರಿಸಿತು. ಅದು ಸರಿಯಾಗಿಯೇ ಇತ್ತು. ಆದರೆ ಪಕ್ಕದಲ್ಲಿ ‘ಲೀಡ್’ ಎಂದಿತ್ತು, ಅಂದರೆ ಕರೆಂಟು ವೋಲ್ಟೇಜಿಗಿಂತ ಮುಂದಿದೆ ಎಂದು. ಸುರುಳಿ ಸುತ್ತಿದ ಇಂಥ ಮೋಟಾರಿನಲ್ಲಿ ಕರೆಂಟು ಹಿಂದೆ ಬೀಳಬೇಕೇ ಹೊರತು ಮುಂದೆ ಹೋಗುವಂತಿಲ್ಲ. ಈ ಮಾತನ್ನು ನಂಬಿದವರು ಮೋಟಾರಿಗೆ ಬೇಕಾದ ಕೆಪಾಸಿಟರನ್ನು ಹಾಕುವ ಬದಲು ಇದ್ದದ್ದನ್ನೂ ಕಿತ್ತುಬಿಡುತ್ತಾರೆ.

ಪ್ರೋಗ್ರಾಂ ಮುಚ್ಚಿಟ್ಟು ಕಾಗದ ತೆಗೆದುಕೊಂಡೆ. ನಮ್ಮ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡು. ಆ ಪ್ರೋಗ್ರಾಂ ಸುತ್ತಿಗೆ ನಾಲ್ಕು ಸ್ಯಾಂಪಲ್‌ನಂತೆ, ಐದೈದು ಮಿಲಿಸೆಕೆಂಡಿಗೆ ಒಮ್ಮೆ ಅಳೆದು, ಅಲೆಯಲ್ಲಿ ಯಾವ ಆವರ್ತಾಂಕ ಎಷ್ಟಿದೆ ಎಂದು ಬಿಡಿಸಿ ತೋರಿಸುವ, ನಾಲ್ಕು ಬಿಂದುಗಳ ಫೊರಿಯರ್ ಪರಿವರ್ತನೆ ಮಾಡುತ್ತಿತ್ತು. ಕೈಲೆಕ್ಕಕ್ಕೆ ಸುಲಭವಾಗಲೆಂದು ಅಳತೆಗಳನ್ನು ಚಿಕ್ಕ ಪೂರ್ಣಾಂಕಗಳಿಗೆ ಇಳಿಸಿಕೊಂಡೆ. ವೋಲ್ಟೇಜು 6, 4, 2, 4. ಕರೆಂಟು 4, 5, 3, 3.

ಈ ಲೆಕ್ಕಕ್ಕೆ ಬೇಕಾದದ್ದು ಒಂದರ ನಾಲ್ಕನೆಯ ಮೂಲಗಳು: ಅದೇ ಸಂಖ್ಯೆಯನ್ನು ನಾಲ್ಕು ಬಾರಿ ಬರೆದು ಗುಣಿಸಿದರೆ 1 ಬರುವಂಥವು. ಅವು 1, -j, -1, j. ಇಲ್ಲಿ j ಎಂದರೆ -1ರ ವರ್ಗಮೂಲ. ಕಾಗದದ ಮೂಲೆಯಲ್ಲಿ ಒಂದು ವೃತ್ತ ಬರೆದು, ಪೂರ್ವಕ್ಕೆ 1, ದಕ್ಷಿಣಕ್ಕೆ -j, ಪಶ್ಚಿಮಕ್ಕೆ -1, ಉತ್ತರಕ್ಕೆ j ಎಂದು ಗುರುತಿಸಿದೆ. ಪೂರ್ವದಿಂದ ಹೊರಟು ದಕ್ಷಿಣ, ಪಶ್ಚಿಮ, ಉತ್ತರ ಎಂದು ನಡೆದರೆ ಅದು ಪ್ರದಕ್ಷಿಣೆ. ಪರಿವರ್ತನೆಗೆ ಪ್ರದಕ್ಷಿಣೆ, ಅದನ್ನು ಹಿಂದಿರುಗಿಸುವ ವಿಲೋಮಕ್ಕೆ ಅಪ್ರದಕ್ಷಿಣೆ. ಅಂದಿನಿಂದ ನನಗೆ ಸೂತ್ರದಲ್ಲಿನ ಋಣ ಚಿಹ್ನೆ ನೆನಪಿರುವುದು ಹೀಗೆಯೇ.

ಪ್ರದಕ್ಷಿಣೆಯೇ ಏಕೆಂಬುದಕ್ಕೆ ಕಾರಣವಿದೆ. 50 ಹರ್ಟ್ಸ್ ಅಲೆಯನ್ನು ಅಪ್ರದಕ್ಷಿಣವಾಗಿ ಸುತ್ತುವ ಬಾಣವೆಂದು ಭಾವಿಸುತ್ತೇವೆ. ಪ್ರತಿ ಸ್ಯಾಂಪಲ್‌ಗೂ ಅದು ಕಾಲು ಸುತ್ತು ಮುಂದೆ ಹೋಗುತ್ತದೆ. ನಾವು ಅಷ್ಟೇ ಹಿಂದಕ್ಕೆ ತಿರುಗಿಸಿದರೆ ಬಾಣ ನಿಂತಲ್ಲೇ ನಿಲ್ಲುತ್ತದೆ. ಆಗ ನಾಲ್ಕನ್ನೂ ಕೂಡಿದಾಗ ಅದು ಒಂದೇ ದಿಕ್ಕಿನಲ್ಲಿ ಬೆಳೆಯುತ್ತದೆ, ಕದಲದೆ ನಿಂತಿರುವುದು, ಪ್ರತಿ ಸ್ಯಾಂಪಲ್‌ಗೆ ಅರ್ಧ ಅಥವಾ ಮುಕ್ಕಾಲು ಸುತ್ತು ಹೋಗುವುದು ಕಳೆದುಹೋಗುತ್ತದೆ.

ಇನ್ನು ಫಲಿತಾಂಶದ ನಾಲ್ಕು ಸಾಲುಗಳು, X0ಯಿಂದ X3. ಪ್ರತಿ ಸಾಲಿನಲ್ಲೂ ವೃತ್ತದ ಮೇಲೆ ನಡೆಯುತ್ತ, ನಿಂತ ಜಾಗದ ಸಂಖ್ಯೆಯಿಂದ ಆಯಾ ಸ್ಯಾಂಪಲನ್ನು ಗುಣಿಸಿ ಕೂಡುವುದು. ಸೊನ್ನೆಯ ಸಾಲಿನಲ್ಲಿ ಎಲ್ಲೂ ಕದಲುವುದಿಲ್ಲ, ಬರೀ ಸಂಕಲನ. ಒಂದನೆಯ ಸಾಲಿನಲ್ಲಿ ಒಂದೊಂದು ಹೆಜ್ಜೆ, ಎರಡನೆಯದರಲ್ಲಿ ಎರಡೆರಡು, ಮೂರನೆಯದರಲ್ಲಿ ಮೂರು ಮೂರು. ಕೈತಪ್ಪುವುದು ಮೂರನೆಯ ಸಾಲಿನಲ್ಲಿ. ಹೆಜ್ಜೆಗಳ ಲೆಕ್ಕ 0, 3, 6, 9 ಎಂದು ಬರುತ್ತದೆ. ನಾಲ್ಕರಿಂದ ಭಾಗಿಸಿ ಶೇಷ ಇಟ್ಟುಕೊಂಡರೆ 0, 3, 2, 1. ಅಂದರೆ ಪೂರ್ವ, ಉತ್ತರ, ಪಶ್ಚಿಮ, ದಕ್ಷಿಣ. ಘಾತಗಳನ್ನು ಬೀಜಗಣಿತದಲ್ಲಿ ಬಿಡಿಸಲು ಹೋಗದೆ ವೃತ್ತದ ಮೇಲೆ ಬೆರಳಿಟ್ಟು ಎಣಿಸುವುದೇ ಮೇಲು. ಕರೆಂಟಿನ ಲೆಕ್ಕ ಹೀಗಾಯಿತು:

```
X0 = 4 + 5  + 3 + 3  = 15
X1 = 4 - 5j - 3 + 3j = 1 - 2j
X2 = 4 - 5  + 3 - 3  = -1
X3 = 4 + 5j - 3 - 3j = 1 + 2j
```

ಬರೆದು ನೋಡಿದಾಗ ಎದ್ದು ಕಾಣುವುದು, ಇಲ್ಲಿ ನಿಜವಾದ ಗುಣಾಕಾರವೇ ಇಲ್ಲ ಎಂಬುದು. ಮೊದಲನೆಯ ಮತ್ತು ಮೂರನೆಯ ಸ್ಯಾಂಪಲ್‌ಗಳ ಮೊತ್ತ 7, ವ್ಯತ್ಯಾಸ 1. ಎರಡನೆಯ ಮತ್ತು ನಾಲ್ಕನೆಯದರ ಮೊತ್ತ 8, ವ್ಯತ್ಯಾಸ 2. ಈ ನಾಲ್ಕು ಸಂಖ್ಯೆಗಳಿಂದಲೇ ಉತ್ತರವೆಲ್ಲ ಹೊರಡುತ್ತದೆ: 7+8, 7-8, 1-2j, 1+2j. ಸಮ ಮತ್ತು ಬೆಸ ಸ್ಥಾನಗಳನ್ನು ಹೀಗೆ ಬೇರ್ಪಡಿಸುವುದೇ 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ವಿಧಾನದ ಬೀಜ.

X0ವನ್ನು ನಾಲ್ಕರಿಂದ ಭಾಗಿಸಿದರೆ ಸರಾಸರಿ. X2 ಎಂಬುದು 100 ಹರ್ಟ್ಸ್‌ನ ಪಾಲು. ನನಗೆ ಬೇಕಿದ್ದದ್ದು X1. ವೋಲ್ಟೇಜಿನ X1 ಅನ್ನು ಇದೇ ರೀತಿ ಲೆಕ್ಕ ಹಾಕಿದರೆ 4 ಬರುತ್ತದೆ, ಕೋನ ಸೊನ್ನೆ. ಕರೆಂಟಿನದು 1-2j, ಪೂರ್ವದಿಂದ ಸುಮಾರು 63.4 ಡಿಗ್ರಿ ಕೆಳಗೆ. ಅಂದರೆ ಕರೆಂಟು ಅಷ್ಟು ಹಿಂದಿದೆ, ಮೋಟಾರಿನಲ್ಲಿ ಇರಬೇಕಾದಂತೆಯೇ. ಆ ಕೋನದ ಕೊಸೈನ್ 0.447. ಮೀಟರ್ ತೋರಿಸಿದ 0.45 ಇದೇ. ಆದರೆ ಪ್ರೋಗ್ರಾಂನ ಒಳಗೆ X1 ಎಂದು ಕುಳಿತಿದ್ದದ್ದು 1+2j. ನಾನು ಅಪ್ರದಕ್ಷಿಣವಾಗಿ ಸುತ್ತಿಬಿಟ್ಟಿದ್ದೆ. ಕೋನ ಮೇಲಿರಲಿ ಕೆಳಗಿರಲಿ ಕೊಸೈನ್ ಒಂದೇ ಆದ್ದರಿಂದ ಪವರ್ ಫ್ಯಾಕ್ಟರ್ ಸರಿ ಬಂದು ದಿಕ್ಕು ಮಾತ್ರ ತಲೆಕೆಳಗಾಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು, ಈ ತಪ್ಪು ನಾನು ಇಟ್ಟುಕೊಂಡಿದ್ದ ಪರೀಕ್ಷೆಗಳನ್ನೆಲ್ಲ ದಾಟಿ ಬಂದಿತ್ತು ಎಂಬುದು. ವರ್ಗಗಳ ಮೊತ್ತವನ್ನೇ ನೋಡಿ: 16+25+9+9 ಸೇರಿ 59. X0ಯಿಂದ X3ರವರೆಗಿನವುಗಳ ಉದ್ದದ ವರ್ಗಗಳು 225+5+1+5 ಸೇರಿ 236, ನಾಲ್ಕರಿಂದ ಭಾಗಿಸಿದರೆ ಮತ್ತೆ 59. X1 ಮತ್ತು X3 ಜಾಗ ಬದಲಿಸಿಕೊಂಡರೂ ಈ ಮೊತ್ತ ಕದಲುವುದಿಲ್ಲ. ವಾಸ್ತವ ಸಂಖ್ಯೆಗಳ ಸರಣಿಯಲ್ಲಿ X1 ಮತ್ತು X3 ಒಂದಕ್ಕೊಂದು ಕನ್ನಡಿಯ ಬಿಂಬದಂತಿರಬೇಕು ಎಂಬ ನಿಯಮವೂ ಅಷ್ಟೇ. ಬಿಂಬಗಳು ಸ್ಥಳ ಬದಲಿಸಿದರೂ ಬಿಂಬಗಳೇ. ವಿಲೋಮ ಮಾಡಿ ನೋಡಬಹುದಲ್ಲ ಎಂದರೆ, ನಾನು ಅದನ್ನೂ ಮಾಡಿದ್ದೆ. ಎರಡು ಕಡೆಯೂ ಚಿಹ್ನೆ ತಿರುಗಿದ್ದರಿಂದ ಮೂಲ ಸರಣಿ ಅಚ್ಚುಕಟ್ಟಾಗಿ ಹಿಂದಿರುಗಿತ್ತು. ಸರಿಯಾದ ವಿಲೋಮ ಹಾಕಿದ್ದರೆ 4, 5, 3, 3ರ ಬದಲು 4, 3, 3, 5 ಬರುತ್ತಿತ್ತು. ಮೊದಲ ಸಂಖ್ಯೆ ಅಲ್ಲೇ ಉಳಿದು ಮಿಕ್ಕವು ಹಿಂದುಮುಂದಾಗುವುದು ಈ ತಪ್ಪಿನ ಗುರುತು.

ಇದನ್ನು ಹಿಡಿಯಲು 0, 1, 0, 0 ಎಂಬ ಸರಣಿ ಸಾಕು. ಅದರ ಪರಿವರ್ತನೆ ವೃತ್ತದ ಮೇಲಿನ ನಡಿಗೆಯೇ: 1, -j, -1, j. ಎರಡನೆಯದು j ಎಂದು ಬಂದರೆ ಸುತ್ತುವ ದಿಕ್ಕು ತಪ್ಪಿದೆ ಎಂದೇ ಅರ್ಥ. ಕಂಪ್ಯೂಟರಿನಲ್ಲಿ `numpy.fft.fft([0, 1, 0, 0])` ಕೊಟ್ಟರೂ ಎರಡನೆಯದು -j ಎಂದೇ ಬರುತ್ತದೆ. ನನ್ನ ಕೋಡಿನಲ್ಲಿ ಒಂದು ಚಿಹ್ನೆ ಬದಲಿಸಿ ಈ ಸರಣಿಯನ್ನು ಮೊದಲನೆಯ ಪರೀಕ್ಷೆಯಾಗಿ ಸೇರಿಸಿದೆ. ಮೋಟಾರ್ ಮತ್ತೆ ಚಾಲೂ ಮಾಡಿದಾಗ ‘ಲ್ಯಾಗ್’ ಎಂದು ಬಂತು.

ನಾಲ್ಕು ಸ್ಯಾಂಪಲ್‌ಗಳನ್ನು ಕೊನೆಯವರೆಗೂ ನಂಬಿ ಕೂರಲಾಗಲಿಲ್ಲ. ಮೇಜಿನ ಮೇಲೆ ಮೋಟಾರಿನ ಬದಲು ಕಂಪ್ಯೂಟರಿನ ಪವರ್ ಸಪ್ಲೈ ಇಟ್ಟ ದಿನ ಕೋನವೇ ಕೆಟ್ಟುಹೋಯಿತು. ಅಂಥ ಸಾಧನಗಳ ಕರೆಂಟಿನಲ್ಲಿ 150 ಹರ್ಟ್ಸ್‌ನ ಪಾಲು ದೊಡ್ಡದಿರುತ್ತದೆ. ಐದು ಮಿಲಿಸೆಕೆಂಡಿನಲ್ಲಿ ಆ ಬಾಣ ಮುಕ್ಕಾಲು ಸುತ್ತು ಹೋಗುತ್ತದೆ, ನಮ್ಮ ನಾಲ್ಕು ಬಿಂದುಗಳಿಗೆ ಅದು ಕಾಲು ಸುತ್ತು ಹಿಂದೆ ಬಂದಂತೆ ಕಾಣುತ್ತದೆ. ಹಿಂದಕ್ಕೆ ಸುತ್ತುವುದು X3ರ ಪಾಲು, X1 ಅದರ ಬಿಂಬ. ಹಾಗಾಗಿ 150ರ ಪಾಲು 50ರ ಜೊತೆ X1ರಲ್ಲಿಯೂ ಬಂದು ಸೇರುತ್ತದೆ, ಬೇರ್ಪಡಿಸುವ ದಾರಿ ಆ ನಾಲ್ಕು ಸಂಖ್ಯೆಗಳಲ್ಲಿ ಇಲ್ಲ. ಸ್ಯಾಂಪಲ್ ತೆಗೆಯುವ ಮೊದಲೇ ಅದನ್ನು ಸೋಸಬೇಕು, ಇಲ್ಲವೇ ಸುತ್ತಿಗೆ ಹೆಚ್ಚು ಸ್ಯಾಂಪಲ್ ತೆಗೆಯಬೇಕು. ನಾನು ಸುತ್ತಿಗೆ 32ಕ್ಕೆ ಹೋದೆ. ಅದನ್ನು ಕೈಯಲ್ಲಿ ಮಾಡುವ ಮಾತಿಲ್ಲ, ಆದರೆ ಮೊದಲ ಪರೀಕ್ಷೆ ಈಗಲೂ ಅದೇ: ಒಂದು ಸೊನ್ನೆ, ಒಂದು 1, ಮಿಕ್ಕದ್ದೆಲ್ಲ ಸೊನ್ನೆ. ಫಲಿತಾಂಶದ ಎರಡನೆಯ ಸಂಖ್ಯೆ ಪೂರ್ವಕ್ಕಿಂತ ತುಸು ಕೆಳಗಿದೆಯೇ ಎಂದು ನೋಡುತ್ತೇನೆ.