ಹೊಸ ಬ್ರಾಂಚ್‌ಗೆ ಕ್ಯಾಪ್ಷನ್ ಬರೆದಿದ್ದು, ಎರಡು ಸಲ

ನಮ್ಮ ಮೆಡಿಕಲ್ ಶಾಪ್‌ನ ಎರಡನೇ ಬ್ರಾಂಚ್ ತೆರೆಯುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಗ್ರಾಂ ಕ್ಯಾಪ್ಷನ್ ಬರೆಯೋಕೆ ಕೂತೆ. ದಿನವಿಡೀ ರ‍್ಯಾಕ್ ಜೋಡಿಸಿ ಬೆನ್ನು ಬಿದ್ದುಹೋಗಿತ್ತು. ಬಾಯಿಗೆ ಬಂದದ್ದನ್ನೇ ಟೈಪ್ ಮಾಡಿದೆ: "ಸಂತೋಷದ ಸುದ್ದಿ! ನಿಮ್ಮ ನಂಬಿಕೆಯ ಮೆಡಿಕಲ್ಸ್ ಇಂದಿನಿಂದ ಹೊಸ ಜಾಗದಲ್ಲಿ!" ಆಮೇಲೆ ಮೂರು ಸಾಲು ಧನ್ಯವಾದ, ಕೊನೆಗೆ ವಿಳಾಸ, "ಬೆಳಿಗ್ಗೆ 8ರಿಂದ ರಾತ್ರಿ 10, ಹೋಮ್ ಡೆಲಿವರಿ ಇದೆ."

ಬೆಳಿಗ್ಗೆ ಮೊದಲ ಫೋನ್ ಬಂದದ್ದು ಹಳೆ ಗಿರಾಕಿಯೊಬ್ಬರಿಂದ. ಪ್ರತಿ ತಿಂಗಳೂ ಬಿಪಿ ಮಾತ್ರೆ ನಮ್ಮಲ್ಲೇ ತಗೊಳ್ಳೋರು. "ಅಂಗಡಿ ಖಾಲಿ ಮಾಡ್ಬಿಟ್ರಂತೆ, ಒಂದು ಮಾತು ಹೇಳಬಾರದಿತ್ತಾ?" ಅಂದರು. "ಹೊಸ ಜಾಗದಲ್ಲಿ" ಅಂದರೆ ಹಳೇದು ಮುಚ್ಚಿದೆ ಅಂತಲೇ ಓದಿಸಿಕೊಳ್ಳುತ್ತೆ. ಬರೆಯುವಾಗ ನನಗೆ ಅದು ಹೊಳೆಯಲೇ ಇಲ್ಲ.

ತಪ್ಪು ಅಷ್ಟೇ ಆಗಿರಲಿಲ್ಲ. ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಕ್ಯಾಪ್ಷನ್‌ನ ಸುಮಾರು 125 ಅಕ್ಷರ ಮಾತ್ರ ಕಾಣುತ್ತೆ, ಉಳಿದದ್ದು ಒತ್ತಿದರಷ್ಟೇ ತೆರೆಯುತ್ತೆ. ಆ 125ನ್ನೂ ನನ್ನ ಸಂತೋಷವೇ ನುಂಗಿತ್ತು. ವಿಳಾಸ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. "ಇಂದಿನಿಂದ" ಅನ್ನೋದೂ ಎಡವಟ್ಟು: ಪೋಸ್ಟನ್ನು ಮೂರು ದಿನ ಬಿಟ್ಟು ನೋಡಿದವರಿಗೆ ಯಾವ ಇಂದು?

ಡೆಲಿವರಿ ಸಾಲು ಇನ್ನೂ ಪಜೀತಿ ತಂದಿತು. ಅಂಗಡಿಯ ಸಮಯ, ಡೆಲಿವರಿಯ ಸಮಯ ಎರಡೂ ಒಂದೇ ಅಂತ ಜನ ತಿಳಿದರು. ರಾತ್ರಿ 9.50ಕ್ಕೆ ಒಬ್ಬರು ಮಗುವಿನ ಜ್ವರದ ಸಿರಪ್ ಆರ್ಡರ್ ಮಾಡಿ ಕಾಯುತ್ತಾ ಕೂತರು. ಹುಡುಗ ಗಾಡಿ ನಿಲ್ಲಿಸಿ ಮನೆಗೆ ಹೋಗಿ ಒಂದು ಗಂಟೆಯಾಗಿತ್ತು. ನಾನೇ ಹೋಗಿ ಕೊಟ್ಟು ಬಂದೆ. ಅದೇನೋ ಸರಿ, ದಿನಾ ಆಗೋ ಕೆಲಸವಲ್ಲ. ಹಾಗಾಗಿ ಕೊನೆಯ ಆರ್ಡರ್ ಎಷ್ಟೊತ್ತಿಗೆ ಅನ್ನೋದನ್ನು ಬೇರೆಯಾಗಿ ಬರೆಯಲೇಬೇಕು.

ಮೊದಲು ಕೇಳಿದವರಿಗೆಲ್ಲ "5 ಕಿ.ಮೀ. ಒಳಗೆ ಕೊಡ್ತೀವಿ" ಅಂತ ಹೇಳುತ್ತಿದ್ದೆ. ಮ್ಯಾಪ್‌ನಲ್ಲಿ ಗೆರೆ ಎಳೆದರೆ 3 ಕಿ.ಮೀ. ಇರುವ ಮನೆಗೆ ರೈಲ್ವೆ ಗೇಟ್ ಸುತ್ತಿ ಹೋದರೆ 8 ಆಗುತ್ತೆ. ಈಗ ಕಿ.ಮೀ. ಬಿಟ್ಟು ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು ಹೇಳ್ತೀನಿ.

ಚೀಟಿಯದ್ದು ಇನ್ನೊಂದು ಕಥೆ. "ಚೀಟಿ ಫೋಟೋ ಕಳಿಸಿ" ಅಂದರೆ ಜನ ಮಾತ್ರೆ ಹೆಸರಿರುವ ಜಾಗವನ್ನಷ್ಟೇ ಕತ್ತರಿಸಿ ಕಳಿಸ್ತಾರೆ. ಡಾಕ್ಟರ್ ಹೆಸರು, ತಾರೀಕು, ರೋಗಿಯ ಹೆಸರು ಕಾಣದಿದ್ದರೆ ಫಾರ್ಮಸಿಸ್ಟ್ ಔಷಧಿ ತೆಗೆದು ಕೊಡೋದಿಲ್ಲ. "ಪೂರ್ತಿ ಚೀಟಿ" ಅಂತ ಎರಡೇ ಪದ ಬರೆದ ಮೇಲೆ ಫೋನಿನಲ್ಲಿ ಅದೇ ಮಾತು ಮತ್ತೆ ಮತ್ತೆ ಹೇಳೋದು ಕಮ್ಮಿಯಾಯಿತು. ಇನ್ಸುಲಿನ್ ಬಗ್ಗೆ ಕೇಳೋರೂ ಜಾಸ್ತಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಆದರೆ ಐಸ್‌ಗೆ ತಾಗಿ ಹೆಪ್ಪುಗಟ್ಟಿದರೆ ಎಸೆಯೋದೇ. ಕೂಲ್ ಬಾಕ್ಸ್‌ನಲ್ಲಿ ಐಸ್ ಪ್ಯಾಕ್‌ಗೂ ಔಷಧಿಗೂ ನಡುವೆ ಬಟ್ಟೆ ಇಡ್ತೀವಿ. ಅಷ್ಟೆಲ್ಲ ಕ್ಯಾಪ್ಷನ್‌ನಲ್ಲಿ ಬೇಡ, "ಕೂಲ್ ಬಾಕ್ಸ್" ಅಂದರೆ ಸಾಕು.

ಮರುದಿನ ಮಧ್ಯಾಹ್ನ ಕೂತು ಎಡಿಟ್ ಮಾಡಿದೆ. ಕ್ಯಾಪ್ಷನ್ ಯಾವಾಗ ಬೇಕಾದರೂ ತಿದ್ದಬಹುದು, ಹಾಕಿದ ಫೋಟೋ ಬದಲಿಸೋಕೆ ಬರಲ್ಲ. ಪುಣ್ಯಕ್ಕೆ ಫೋಟೋ ಮೇಲೆ ಸಮಯ ಬರೆದಿರಲಿಲ್ಲ. ಬರೆದದ್ದು ಇಷ್ಟು:

ಹಳೆ ಅಂಗಡಿ ಅಲ್ಲೇ ಇದೆ. ಎರಡನೇ ಬ್ರಾಂಚ್ 12ನೇ ತಾರೀಕಿನಿಂದ ಬಸ್ ನಿಲ್ದಾಣದ ಎದುರು, ಬ್ಯಾಂಕ್ ಪಕ್ಕ. ಬೆಳಿಗ್ಗೆ 8–ರಾತ್ರಿ 10.
ಭಾನುವಾರ: ಬೆಳಿಗ್ಗೆ 9–ಮಧ್ಯಾಹ್ನ 2.
ಹೋಮ್ ಡೆಲಿವರಿ: ಬಸ್ ನಿಲ್ದಾಣದಿಂದ ರೈಲ್ವೆ ಗೇಟ್‌ವರೆಗೆ, ಗೇಟ್ ದಾಟಿ ಇಲ್ಲ.
ಸಂಜೆ 7ರೊಳಗೆ ಆರ್ಡರ್ ಮಾಡಿದರೆ ಅದೇ ದಿನ. ಭಾನುವಾರ ಡೆಲಿವರಿ ಇಲ್ಲ.
ಪೂರ್ತಿ ಚೀಟಿಯ ಫೋಟೋ ವಾಟ್ಸಾಪ್ ಮಾಡಿ, ಮನೆ ಬಾಗಿಲಲ್ಲಿ ಮೂಲ ಚೀಟಿ ತೋರಿಸಿ.
ಇನ್ಸುಲಿನ್ ಕೂಲ್ ಬಾಕ್ಸ್‌ನಲ್ಲಿ ಬರುತ್ತೆ.
ತುರ್ತಾಗಿ ಬೇಕಿದ್ದರೆ ಡೆಲಿವರಿಗೆ ಕಾಯದೆ ಅಂಗಡಿಗೇ ಬನ್ನಿ.

ಕೆಳಗೆ ಫೋನ್ ನಂಬರ್. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ನಂಬರ್ ಒತ್ತಿದರೆ ಕರೆ ಹೋಗಲ್ಲ. ಅದಕ್ಕೇ ಪ್ರೊಫೈಲ್‌ನಲ್ಲೂ ಕರೆ ಬಟನ್ ಹಾಕಿದೆ. ಇದೇ ಬರಹವನ್ನು ವಾಟ್ಸಾಪ್‌ನಲ್ಲೂ ಕಳಿಸಿದೆ, ಅಲ್ಲಿ ಒತ್ತಿದರೆ ಹೋಗುತ್ತೆ.

ಹಾಕೋ ಮುಂಚೆ ಅತ್ತೆಗೆ ಓದಿ ಹೇಳಿದೆ. ಮಂಡಿನೋವು ಅವರಿಗೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಮೆಟ್ಟಿಲು ಹತ್ತಬೇಕೇನೋ?" ಬ್ಯಾಂಕ್ ಪಕ್ಕ ಅನ್ನೋದರ ಮುಂದೆ "ನೆಲಮಹಡಿ, ಮೆಟ್ಟಿಲಿಲ್ಲ" ಅಂತ ಸೇರಿಸಿ ಪೋಸ್ಟ್ ಮಾಡಿದೆ.