ಓದುಗರ ಬಳಗದ ಮುಂದಿನ ಪುಸ್ತಕವನ್ನು ಆರಿಸುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಲಂಡನ್ನಿಗೆ ಹೊಸದಾಗಿ ಬಂದವರು ನಮ್ಮ ಓದುಗರ ಬಳಗವನ್ನು ಸೇರಿದ ಕೂಡಲೇ ಕೇಳುವುದು, ಮುಂದಿನ ಪುಸ್ತಕವನ್ನು ಆರಿಸುವವರು ಯಾರು ಎಂದು. ನಾವು 12 ಮಂದಿ. ಇಲ್ಲಿಯೇ ಹುಟ್ಟಿ, ಕನ್ನಡವನ್ನು ಅಕ್ಷರ ಕೂಡಿಸಿ ಓದುವ 17ರ ಹುಡುಗಿಯಿಂದ ಹಿಡಿದು, ವಿಜಯಪುರದ ತಮ್ಮ ಮನೆಯಿಂದಲೇ ವಿಡಿಯೊ ಕರೆಯಲ್ಲಿ ಕೂಡುವ 74ರ ನಿವೃತ್ತ ಮಾಸ್ತರರವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ.

ಮೊದಲು ಕೈ ಎತ್ತಿಸಿ ಆರಿಸುತ್ತಿದ್ದೆವು. ಒಮ್ಮೆ ಮೂರು ಪುಸ್ತಕಗಳಿಗೆ 5, 4, 3ರಂತೆ ಮತಗಳು ಬಿದ್ದು, 600 ಪುಟಗಳ ಐತಿಹಾಸಿಕ ಕಾದಂಬರಿಯೊಂದು ಗೆದ್ದಿತು. ಉಳಿದ 7 ಮಂದಿ ಅದನ್ನು ಓದಬಲ್ಲರೇ ಎಂದು ಯಾರೂ ಕೇಳಿರಲಿಲ್ಲ. ಚರ್ಚೆಯ ದಿನ ಪೂರ್ತಿ ಓದಿ ಬಂದವರು ನಾಲ್ವರೇ. ಮಿಕ್ಕವರು ಚುರಮರಿಯ ತಟ್ಟೆಯ ಸುತ್ತ ಕುಳಿತು ಊರಿನ ಮಳೆ-ಬೆಳೆಯ ಸುದ್ದಿ ಮಾತಾಡಿ ಎದ್ದರು.

ಈಗ ಪುಸ್ತಕವನ್ನು ಸೂಚಿಸಿದವರು ಅದರ ಎರಡು ಪುಟಗಳನ್ನು ಎಲ್ಲರೆದುರು ಓದಬೇಕು. ಆಮೇಲೆ ಪ್ರತಿಯೊಬ್ಬರೂ ಪ್ರತಿಯೊಂದು ಪುಸ್ತಕದ ಮುಂದೆ ‘ಓದುತ್ತೇನೆ’ ಅಥವಾ ‘ಓದಲಾರೆ’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಎಷ್ಟು ಪುಸ್ತಕಗಳಿಗಾದರೂ ‘ಓದುತ್ತೇನೆ’ ಎನ್ನಬಹುದು. ಚೀಟಿಯಲ್ಲಿ ಹೆಸರು ಇರುವುದಿಲ್ಲ, ಏಕೆಂದರೆ ಕೈ ಎತ್ತುವಾಗ ಕಿರಿಯರು ಮಾಸ್ತರರ ಮುಖವನ್ನೇ ನೋಡುತ್ತಿದ್ದರು.

ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಹೀಗೆ ಬಂದ ಪುಸ್ತಕ. ಆಡುಮಾತನ್ನು ಆಡಿದಂತೆಯೇ ಅಚ್ಚುಮಾಡಿದ್ದರಿಂದ ಆ ಹುಡುಗಿಗೆ ಮೊದಲ ಪುಟವೇ ದಾಟಲಿಲ್ಲ. ಮಾಸ್ತರರು ಅದನ್ನೇ ಗಟ್ಟಿಯಾಗಿ ಓದಿದಾಗ ಮಾತ್ರ ಆಕೆ ತಲೆಯೆತ್ತಿ, “ಇದು ನಮ್ಮ ಅಜ್ಜಿ ಮಾತಾಡಿದಂಗ ಐತಿ” ಎಂದಳು. ಇಂಗ್ಲಿಷ್ ಅನುವಾದವೂ ಇರುವುದರಿಂದ ತೊಡಕಾದಲ್ಲಿ ಅದನ್ನು ನೋಡಿಕೊಳ್ಳುವೆನೆಂದು ಒಪ್ಪಿದಳು. ಆ ದಿನ ಒಂದು ಪತ್ತೇದಾರಿ ಕಾದಂಬರಿಗೆ 7, ಒಂದು ಆತ್ಮಕಥೆಗೆ 6, ‘ಕರಿಮಾಯಿ’ಗೆ 10 ಒಪ್ಪಿಗೆಗಳು ಬಂದವು. ಕೈ ಎತ್ತಿಸಿದ್ದರೆ ಪತ್ತೇದಾರಿಯೇ ಗೆಲ್ಲುತ್ತಿತ್ತೆಂಬುದು ನನ್ನ ಅಂದಾಜು.

ಈ ಪದ್ಧತಿಗೂ ಒಂದು ಕೊರತೆಯಿದೆ. ಯಾರಿಗೂ ಬೇಡವಾಗದ ಪುಸ್ತಕ ಯಾರನ್ನೂ ಕೆಣಕದ ಪುಸ್ತಕವೂ ಆಗಿರಬಹುದು. ನಾವು ಸಾಲಾಗಿ ಮೂರು ತಿಂಗಳು ಹರಟೆಯ ಸಂಕಲನಗಳನ್ನೇ ಓದಿದ್ದುಂಟು. ಆದ್ದರಿಂದ ಪ್ರತಿ ನಾಲ್ಕನೆಯ ಪುಸ್ತಕಕ್ಕೆ ಚೀಟಿಯಿಲ್ಲ. ಸರದಿಯ ಪ್ರಕಾರ ಒಬ್ಬರು ತಮಗೆ ಬೇಕಾದುದನ್ನು ಹೇಳುತ್ತಾರೆ, ಆದರೆ ಅದು 200 ಪುಟಗಳನ್ನು ಮೀರಬಾರದು.

ಪುಸ್ತಕಗಳು ಬೆಳಗಾವಿಯಿಂದ ರಜೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿ ಬರುವುದರಿಂದ ಎರಡು ಪುಸ್ತಕಗಳನ್ನು ಮುಂದಾಗಿಯೇ ಆರಿಸುತ್ತೇವೆ. ಸಭೆಗೆ 15 ದಿನ ಇರುವಾಗ ಯಾರು ಎಷ್ಟನೆಯ ಪುಟದಲ್ಲಿದ್ದಾರೆಂದು ಕೇಳುತ್ತೇವೆ; ಅರ್ಧದಷ್ಟು ಜನ 50ನೆಯ ಪುಟವನ್ನೂ ದಾಟಿರದಿದ್ದರೆ, ಚರ್ಚೆಯನ್ನು ಮೊದಲ ಭಾಗಕ್ಕಷ್ಟೇ ಸೀಮಿತಗೊಳಿಸುತ್ತೇವೆ.

ಹೊಸಬರು ಮೊದಲ ಸಭೆಯಲ್ಲಿಯೇ ಚೀಟಿ ಹಾಕಬಹುದು. ಪುಸ್ತಕವನ್ನು ಸೂಚಿಸುವುದಾದರೆ ಮಾತ್ರ ಆ ಎರಡು ಪುಟಗಳನ್ನು ಮನೆಯಲ್ಲೊಮ್ಮೆ ಗಟ್ಟಿಯಾಗಿ ಓದಿಕೊಂಡು ಬನ್ನಿರಿ.