ಸಿಪ್ಪೆಯ ಬೆಂಕಿ: ಒಂದು ಸರಣಿಗೆ ಟೈಟಲ್ ಮಾಡಿದ ನನ್ನ ಅನುಭವ

ಬಾಗಲಕೋಟೆಯ ಕಬ್ಬಿನ ಸೀಮೆಯ ಒಂದು ಕುಟುಂಬದ ಕತೆ. ಮನೆತನದ ಹೆಸರು ಉಳಿಸುತ್ತೇನೆ ಎನ್ನುತ್ತಲೇ ಹಿರಿಯಣ್ಣ ತಮ್ಮಂದಿರ ಹೊಲಗಳನ್ನು ಒಂದೊಂದಾಗಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಈ ವೆಬ್ ಸರಣಿಯ ಟೈಟಲ್, ಅಂದರೆ ಕಂತಿನ ಆರಂಭದಲ್ಲಿ ಹೆಸರುಗಳ ಜೊತೆ ಬರುವ ದೃಶ್ಯಗಳ ಕೆಲಸ ನನಗೆ ಬಂದಾಗ ನಿರ್ದೇಶಕರ ಮನಸ್ಸಿನಲ್ಲಿದ್ದದ್ದು ಹೊಲದ ಉತಾರ, ಸಾಲಪತ್ರ, ಹೆಬ್ಬೆಟ್ಟಿನ ಗುರುತು. ನಾನು ಬೇಡ ಎಂದೆ. ಅವು ಕತೆಯೊಳಗಿನ ವಸ್ತುಗಳು. ಟೈಟಲ್‌ನಲ್ಲೇ ಕಂಡರೆ ಮುಂದೇನಾಗುತ್ತದೆ ಎಂಬುದು ಗೊತ್ತಾಗುತ್ತದೆ, ಆದರೆ ಹೊಟ್ಟೆಯೊಳಗೆ ಏನೂ ಕಲಕುವುದಿಲ್ಲ.

ಅವರಿಗೆ ಅಮೆರಿಕದ 'ಡೆಕ್ಸ್‌ಟರ್' ಸರಣಿಯ ಟೈಟಲ್ ಹಾಕಿ ತೋರಿಸಿದೆ. 2006ರಲ್ಲಿ ಡಿಜಿಟಲ್ ಕಿಚನ್ ಸಂಸ್ಥೆ ಮಾಡಿದ್ದು, ಮರುವರ್ಷ ಎಮ್ಮಿ ಪ್ರಶಸ್ತಿ ಪಡೆದದ್ದು. ನಾಯಕ ಸರಣಿ ಕೊಲೆಗಾರ. ಆದರೆ ಟೈಟಲ್‌ನಲ್ಲಿ ಕೊಲೆಯೇ ಇಲ್ಲ, ಇರುವುದು ಬೆಳಗಿನ ತಯಾರಿ. ಅವನು ಗಡ್ಡ ಬೋಳಿಸುತ್ತಾನೆ, ಮೊಟ್ಟೆ ಕತ್ತರಿಸುತ್ತಾನೆ, ಕಾಫಿ ಬೀಜ ಪುಡಿಮಾಡುತ್ತಾನೆ, ಕೆಂಪು ತಿರುಳಿನ ಕಿತ್ತಳೆ ಹಿಂಡುತ್ತಾನೆ, ಶೂ ದಾರ ಜಗ್ಗಿ ಬಿಗಿಯುತ್ತಾನೆ. ಟೀ ಶರ್ಟ್ ತೊಡುವಾಗ ಬಟ್ಟೆ ಮುಖಕ್ಕೆ ಅಂಟಿ, ಒಂದು ಕ್ಷಣ ಉಸಿರುಗಟ್ಟಿಸಿದಂತೆ ಕಾಣುತ್ತದೆ. ಕ್ಯಾಮೆರಾ ಅಷ್ಟು ಹತ್ತಿರ ಇರುವುದರಿಂದ ಪೂರ್ತಿ ವಸ್ತು ಕಾಣುವುದಿಲ್ಲ, ಕೊಯ್ಯುವ, ಹಿಂಡುವ, ಬಿಗಿಯುವ ಕ್ರಿಯೆ ಮಾತ್ರ ಕಾಣುತ್ತದೆ. ಕೊನೆಗೆ ಮಾತ್ರ ಅವನು ಬಾಗಿಲು ಹಾಕಿ ಸಾಮಾನ್ಯ ಮನುಷ್ಯನಂತೆ ಹೊರಟುಹೋಗುತ್ತಾನೆ. ಸಭ್ಯತೆ ಮತ್ತು ಹಿಂಸೆ ಎರಡೂ ಒಂದೇ ಕೈಯಲ್ಲಿವೆ ಎಂಬ ಇಡೀ ಸರಣಿಯ ತಿರುಳು ತಿಂಡಿ ಮುಗಿಯುವಷ್ಟರಲ್ಲಿ ನಮ್ಮೊಳಗೆ ಇಳಿದಿರುತ್ತದೆ.

ಹಾಗಾಗಿ ನಾನು ವಸ್ತುಗಳ ಪಟ್ಟಿ ಬಿಟ್ಟು ಕ್ರಿಯಾಪದಗಳನ್ನು ಬರೆದುಕೊಂಡೆ. ನಮ್ಮ ಅಣ್ಣ ಏನು ಮಾಡುತ್ತಾನೆ? ಕಡಿಯುತ್ತಾನೆ, ಹಿಂಡುತ್ತಾನೆ, ಕುದಿಸುತ್ತಾನೆ, ತನಗೆ ಬೇಕಾದ ಅಚ್ಚಿಗೆ ಸುರಿಯುತ್ತಾನೆ. ಇಷ್ಟನ್ನೂ ನಿತ್ಯ ಮಾಡುವ ಜಾಗ ಊರಿನ ಪಕ್ಕದಲ್ಲೇ ಇತ್ತು: ಬೆಲ್ಲದ ಗಾಣ. ಮಹಾಲಿಂಗಪುರದ ಕಡೆಯ ಒಂದು ಗಾಣಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋದೆವು.

ಅಲ್ಲಿ ಸಿಕ್ಕಿದ್ದು ನಾನು ಬರೆದುಕೊಂಡಿದ್ದಕ್ಕಿಂತ ದೊಡ್ಡದು. ಒಲೆಗೆ ಏನು ಹಾಕುತ್ತೀರಿ ಎಂದು ಕೇಳಿದೆ. ಗಾಣದ ಹಿರಿಯರು, "ಕಟಗಿ ಯಾಕ ಬೇಕು ತಮ್ಮಾ? ಇದರ ಸಿಪ್ಪೀನ ಒಣಗಿಸಿ ಇದಕ್ಕ ಹಾಕ್ತೀವಿ" ಎಂದರು. ಹಿಂಡಿದ ಕಬ್ಬಿನ ಸಿಪ್ಪೆಯೇ ಉರಿದು ಕಬ್ಬಿನ ಹಾಲನ್ನು ಕುದಿಸುತ್ತದೆ. ರಕ್ತಸಂಬಂಧವನ್ನೇ ಉರುವಲು ಮಾಡಿಕೊಂಡ ಅಣ್ಣನ ಕತೆಗೆ ಇದಕ್ಕಿಂತ ನೇರವಾದ ಚಿತ್ರ ನನಗೆ ಬೇರೆ ಬೇಕಿರಲಿಲ್ಲ.

ಚಿತ್ರೀಕರಣದಲ್ಲಿ ಕಾಡಿದ್ದು ಆವಿ. ಚಳಿಗಾಲದ ಬೆಳಗ್ಗೆ ತಣ್ಣಗಿನ ಲೆನ್ಸ್ ಕೊಪ್ಪರಿಗೆಯ ಹತ್ತಿರ ಹೋದ ಕೂಡಲೇ ಮಂಜಾಗುತ್ತದೆ, ಒರೆಸಿದರೆ ಮತ್ತೆ ಮಂಜು. ಕ್ಯಾಮೆರಾವನ್ನು ಒಲೆಯಿಂದ ಸ್ವಲ್ಪ ದೂರ, ಬೆಚ್ಚಗಿನ ಜಾಗದಲ್ಲಿ ಇಟ್ಟು, ಗಾಜು ಸುತ್ತಲಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಹತ್ತಿರ ಒಯ್ದೆವು. ಇನ್ನೊಂದು ತೊಡಕು ಫೋಕಸ್. 100 ಮಿ.ಮೀ. ಮ್ಯಾಕ್ರೋ ಲೆನ್ಸ್‌ನಲ್ಲಿ ಅಷ್ಟು ಹತ್ತಿರ ಹೋದರೆ ನೊರೆಯ ಒಂದು ಗುಳ್ಳೆ ಸ್ಪಷ್ಟವಿದ್ದಾಗ ಪಕ್ಕದ್ದು ಮಸುಕು. ಹೆಚ್ಚು ಭಾಗ ಸ್ಪಷ್ಟವಾಗಲೆಂದು ಅಪರ್ಚರ್ ಎಫ್ 8ಕ್ಕೆ ಕಿರಿದಾಗಿಸಿ, ಅದರಿಂದ ಕಡಿಮೆಯಾದ ಬೆಳಕನ್ನು ತುಂಬಲು ಒಂದೇ ಬದಿಯಿಂದ ಬೆಳಕು ಹೆಚ್ಚಿಸಿದೆವು. ಬದಿಯ ಬೆಳಕಿಗೆ ಆವಿಯೂ ಎದ್ದು ಕಂಡಿತು.

ಎಡಿಟಿಂಗ್‌ನಲ್ಲಿ ಮೊದಲು ಜೋಡಿಸಿದ್ದು ಶಬ್ದ. ಗಾಣದ ಉರುಳೆಗಳ ನಡುವೆ ಕಬ್ಬು ಸಿಗಿಯುವ ಸದ್ದನ್ನು ಏರಿಸಿದರೆ ಎಲುಬು ಮುರಿದಂತೆ ಕೇಳುತ್ತದೆ. ಅದರ ಲಯಕ್ಕೆ ಶಾಟ್‌ಗಳನ್ನು ಕೂರಿಸಿದೆ. ಇಡೀ ಕಬ್ಬು, ಇಡೀ ಕೊಪ್ಪರಿಗೆ ಎಲ್ಲೂ ಕಾಣದು. ಕೊನೆಯ ಶಾಟ್‌ನಲ್ಲಿ ಮಾತ್ರ ಅಚ್ಚಿನಿಂದ ಬೆಲ್ಲದ ಪೆಂಟಿ ಹೊರಬರುತ್ತದೆ, ನೋಡಲು ಚೆಂದ, ತಿನ್ನಬೇಕೆನಿಸುವಂಥದ್ದು. ಸಿಪ್ಪೆ ಉರಿಯುವ ಶಾಟ್ ಮೇಲೆ ಯಾರ ಹೆಸರನ್ನೂ ಹಾಕಲಿಲ್ಲ, ಏಕೆಂದರೆ ಅಕ್ಷರ ಬಂದೊಡನೆ ಕಣ್ಣು ಓದಲು ಹೋಗುತ್ತದೆ. ಉಳಿದ ಕಡೆ ದಪ್ಪ ಅಕ್ಷರ ಬಳಸಿದೆ. ಕನ್ನಡದ ಒತ್ತಕ್ಷರಗಳು ತೆಳುವಾಗಿದ್ದರೆ ಹೊಗೆಯಲ್ಲಿ ಕರಗಿಬಿಡುತ್ತವೆ.

ಟೈಟಲ್ ಕೊಡುವ ಸುಳಿವು ನೋಡುಗರಿಗೆ ತಾಕಿದೆಯೋ ಇಲ್ಲವೋ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಕತೆ ಗೊತ್ತಿಲ್ಲದವರಿಗೆ, ಸರಣಿಯ ಹೆಸರು ತೆಗೆದು ತೋರಿಸುತ್ತೇನೆ. "ಬೆಲ್ಲ ಮಾಡೂದು ಚಲೋ ತೋರ್ಸೀರಿ" ಎಂದರೆ ಅದು ಸಾಕ್ಷ್ಯಚಿತ್ರವಾಗಿದೆ ಎಂದರ್ಥ. ಕತೆಯನ್ನೇ ಹೇಳಿಬಿಟ್ಟರೆ ಗುಟ್ಟು ಒಡೆದಿದೆ. ನಮ್ಮದನ್ನು ನೋಡಿದ ಪಕ್ಕದ ಅಂಗಡಿಯ ಹುಡುಗ, "ಸರ, ಇದು ಸಿಹಿ ಐತಿ, ಖರೇ ಯಾರಿಗೋ ಭಾಳ ತ್ರಾಸ ಆಗೂದೈತಿ ಅನಸ್ತದ" ಎಂದ. ಅದನ್ನು ಕೇಳಿದ ಮೇಲೆ ನಿರ್ದೇಶಕರು ಉತಾರದ ಮಾತು ಎತ್ತಲಿಲ್ಲ.

ಎರಡನೆಯ ಕಂತಿನಿಂದ ಹತ್ತು ಸೆಕೆಂಡಿನ ಚಿಕ್ಕ ರೂಪ ಬೇಕಾಯಿತು. ಉಳಿಸಿಕೊಂಡದ್ದು ಮೂರೇ ಶಾಟ್: ಉರುಳೆ, ಸಿಪ್ಪೆಯ ಬೆಂಕಿ, ಪೆಂಟಿ.